ಕಸಿಯ ನಂತರದ ಲೆಕ್ಕ: ಜೀವಮಾನದ ಮಾತ್ರೆಗಳ ಖರ್ಚು ಮತ್ತು ನೀತಿಗಳ ನಿಲುವು

ಮೂತ್ರಪಿಂಡದ ಕಸಿಯ ವೆಚ್ಚ ಎಂದಾಗ ಸಾರ್ವಜನಿಕ ಚರ್ಚೆಯಲ್ಲಿ ಮುಂದೆ ಬರುವುದು ಶಸ್ತ್ರಚಿಕಿತ್ಸೆಯ ಬಿಲ್ಲು. ಅದು ದೊಡ್ಡ ಮೊತ್ತ, ಒಂದೇ ಬಾರಿಗೆ ಕಣ್ಣಿಗೆ ಬೀಳುವಂಥದ್ದು, ದಾನಿಗಳ ಮುಂದೆಯೂ ಸರ್ಕಾರದ ಮುಂದೆಯೂ ಕಾಗದದಲ್ಲಿ ಬರೆದು ಇಡಬಹುದಾದದ್ದು. ಆದರೆ ಕಸಿಯಾದ ವ್ಯಕ್ತಿಯ ಪಾಲಿಗೆ ನಿಜವಾದ ಖರ್ಚು ಆರಂಭವಾಗುವುದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಅದು ಬೆಳಿಗ್ಗೆ ಮತ್ತು ರಾತ್ರಿ ನುಂಗುವ ಮಾತ್ರೆಗಳ ರೂಪದಲ್ಲಿ, ಕಸಿ ಮಾಡಿದ ಅಂಗ ಕೆಲಸ ಮಾಡುವಷ್ಟು ಕಾಲವೂ ನಡೆಯುತ್ತದೆ. ಭಾರತದ ಆರೋಗ್ಯ ನೀತಿಗಳಲ್ಲಿ ಹೆಚ್ಚಿನವು ಮೊದಲನೆಯ ಖರ್ಚನ್ನು ಗುರುತಿಸಿ ಎರಡನೆಯದನ್ನು ಅರೆಬರೆಯಾಗಿ ಮಾತ್ರ ಗುರುತಿಸುತ್ತವೆ. ಇದು ಕೇವಲ ಹಣದ ಕೊರತೆಯಿಂದ ಆದದ್ದಲ್ಲ. ವಿಮೆಯಾಗಲಿ ಸರ್ಕಾರದ ನೆರವಾಗಲಿ ‘ಆಸ್ಪತ್ರೆಗೆ ದಾಖಲಾಗುವುದು’ ಎಂಬ ಘಟನೆಯ ಸುತ್ತ ಕಟ್ಟಿಕೊಂಡಿರುವುದರಿಂದ, ದಾಖಲಾಗದೆ ಮನೆಯಲ್ಲಿದ್ದುಕೊಂಡೇ ಬದುಕಿಗೆ ಆಧಾರವಾಗುವ ಔಷಧಿ ಅವುಗಳ ಚೌಕಟ್ಟಿನಿಂದ ಜಾರಿ ಬೀಳುತ್ತದೆ.

ಈ ಔಷಧಿಗಳ ಅಗತ್ಯ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ದೇಹದ ರಕ್ಷಣಾ ವ್ಯವಸ್ಥೆ ಕಸಿಯಾದ ಅಂಗವನ್ನು ಹೊರಗಿನ ವಸ್ತುವೆಂದೇ ಭಾವಿಸಿ ಅದರ ಮೇಲೆ ದಾಳಿ ಮಾಡುತ್ತದೆ. ಇದಕ್ಕೆ ತಿರಸ್ಕಾರ ಎಂದು ಹೆಸರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ನಡುವಿನ ಕಸಿಯನ್ನು ಬಿಟ್ಟರೆ ಉಳಿದೆಲ್ಲ ಕಸಿಗಳಲ್ಲಿಯೂ ಈ ದಾಳಿಯನ್ನು ತಡೆಯುವ, ಅಂದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಬೇಕು. ಇಂದು ಸಾಮಾನ್ಯವಾಗಿ ಮೂರನ್ನು ಒಟ್ಟಿಗೆ ಕೊಡುತ್ತಾರೆ: ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್ ಮತ್ತು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್. ಮೂರನೆಯದು ಬಹಳ ಅಗ್ಗ. ಲೆಕ್ಕವನ್ನು ಭಾರವಾಗಿಸುವುದು ಮೊದಲಿನ ಎರಡು. 1980ರ ದಶಕಕ್ಕೆ ಮೊದಲು ಅಜಥಯೊಪ್ರಿನ್ ಮತ್ತು ಪ್ರೆಡ್ನಿಸೊಲೋನ್ ಎಂಬ ಅಗ್ಗದ ಜೋಡಿಯೇ ಆಧಾರವಾಗಿತ್ತು, ತಿರಸ್ಕಾರವೂ ಹೆಚ್ಚು. ಆಮೇಲೆ ಸೈಕ್ಲೋಸ್ಪೊರಿನ್ ಬಂದು ಫಲಿತಾಂಶ ಸುಧಾರಿಸಿತು, ವೆಚ್ಚವೂ ಏರಿತು. ಭಾರತದ ಅನೇಕ ಕೇಂದ್ರಗಳಲ್ಲಿ ರೋಗಿಗಳು ಒಂದು ವರ್ಷ ಸೈಕ್ಲೋಸ್ಪೊರಿನ್ ತೆಗೆದುಕೊಂಡು, ಅದನ್ನು ಕೊಳ್ಳಲಾಗದೆ ನಿಲ್ಲಿಸಿ ಹಳೆಯ ಜೋಡಿಗೆ ಮರಳುವ ಪದ್ಧತಿ ದೀರ್ಘ ಕಾಲ ನಡೆದಿತ್ತು.

ಮಾತ್ರೆಗಳ ಲೆಕ್ಕವನ್ನು ಒಬ್ಬ ರೋಗಿಯ ನೆಲೆಯಲ್ಲಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಇಲ್ಲಿ ಕೊಡುವ ಬೆಲೆಗಳು ಲೆಕ್ಕಕ್ಕಾಗಿ ಹಿಡಿದವು, ಏಕೆಂದರೆ ಬ್ರ್ಯಾಂಡ್, ಅಂಗಡಿ ಮತ್ತು ರಿಯಾಯಿತಿಗೆ ತಕ್ಕಂತೆ ಅವು ಬಹಳ ಬದಲಾಗುತ್ತವೆ; ಪ್ರಮಾಣಗಳು ಮಾತ್ರ ಸಾಮಾನ್ಯ ಚಿಕಿತ್ಸಾ ಕ್ರಮದವು. 60 ಕಿಲೋ ತೂಕದ, ಬಿಪಿಎಲ್ ಕಾರ್ಡ್ ಇರುವ ಒಬ್ಬ ಕೂಲಿ ಕಾರ್ಮಿಕನಿಗೆ ತಾಯಿಯ ಮೂತ್ರಪಿಂಡ ಕಸಿಯಾಗಿದೆ ಎಂದುಕೊಳ್ಳಬಹುದು. ಟ್ಯಾಕ್ರೋಲಿಮಸ್ ಆರಂಭದಲ್ಲಿ ಕಿಲೋಗೆ ದಿನಕ್ಕೆ ಸುಮಾರು 0.1 ಮಿಲಿಗ್ರಾಂನಂತೆ ಶುರುವಾಗುತ್ತದೆ. ಅಂದರೆ 6 ಮಿಲಿಗ್ರಾಂ, ಬೆಳಿಗ್ಗೆ ಮೂರು, ರಾತ್ರಿ ಮೂರು ಕ್ಯಾಪ್ಸೂಲ್. ಒಂದಕ್ಕೆ 35 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 6,300 ರೂಪಾಯಿ. ಮೈಕೋಫಿನೊಲೇಟ್ 500 ಮಿಲಿಗ್ರಾಂನ ನಾಲ್ಕು ಮಾತ್ರೆ ದಿನಕ್ಕೆ, ಒಂದಕ್ಕೆ 30 ರೂಪಾಯಿಯಂತೆ ತಿಂಗಳಿಗೆ 3,600. ಇದರ ಜೊತೆಗೆ ಮೊದಲ ಕೆಲವು ತಿಂಗಳು ಸೈಟೊಮೆಗಲೊವೈರಸ್ ಎಂಬ ಸೋಂಕು ಬಾರದಂತೆ ವ್ಯಾಲ್‌ಗ್ಯಾನ್‌ಸಿಕ್ಲೊವಿರ್ ಮಾತ್ರೆ, ದಿನಕ್ಕೊಂದು, 200 ರೂಪಾಯಿ ಎಂದರೂ ತಿಂಗಳಿಗೆ 6,000. ಒಟ್ಟು 15,900, ರಕ್ತದೊತ್ತಡ, ಅಸಿಡಿಟಿ, ಸೋಂಕು ತಡೆಯ ಸಣ್ಣ ಔಷಧಿಗಳು ಇದರ ಮೇಲೆ.

ಕಾಲ ಕಳೆದಂತೆ ಈ ಭಾರ ಇಳಿಯುತ್ತದೆ. ವ್ಯಾಲ್‌ಗ್ಯಾನ್‌ಸಿಕ್ಲೊವಿರ್ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೆ ನಿಲ್ಲುತ್ತದೆ, ಟ್ಯಾಕ್ರೋಲಿಮಸ್ ದಿನಕ್ಕೆ 3 ಮಿಲಿಗ್ರಾಂ ಆಸುಪಾಸಿಗೆ ಬರುತ್ತದೆ, ಮೈಕೋಫಿನೊಲೇಟ್ ಮೂರು ಮಾತ್ರೆಗೆ ಇಳಿಯಬಹುದು. ಆಗ ತಿಂಗಳಿಗೆ ಇವೆರಡಕ್ಕೇ 3,150 ಮತ್ತು 2,700, ಅಂದರೆ 5,850 ರೂಪಾಯಿ. ಇದು ವಾರ್ಷಿಕವಾಗಿ 70,200 ರೂಪಾಯಿ. ಮತ್ತು ಇದು ಹತ್ತು ಹದಿನೈದು ವರ್ಷ ಮುಂದುವರಿಯಬೇಕಾದ ಖರ್ಚು. ಶಸ್ತ್ರಚಿಕಿತ್ಸೆಯ ಮೊತ್ತವನ್ನು ಇದು ಕೆಲವು ವರ್ಷಗಳಲ್ಲಿ ಮೀರಿಸಬಹುದು.

ಮಾತ್ರೆಯ ಬೆಲೆಯ ಪಕ್ಕದಲ್ಲೇ ಪರೀಕ್ಷೆಯ ಬೆಲೆಯೂ ನಿಂತಿದೆ. ಟ್ಯಾಕ್ರೋಲಿಮಸ್ ಕಡಿಮೆಯಾದರೆ ತಿರಸ್ಕಾರ, ಹೆಚ್ಚಾದರೆ ಅದೇ ಮೂತ್ರಪಿಂಡಕ್ಕೆ ವಿಷ. ಎರಡರ ನಡುವಿನ ಅಂತರ ಬಹಳ ಕಿರಿದು. ಆದ್ದರಿಂದ ರಾತ್ರಿಯ ಡೋಸ್ ತೆಗೆದುಕೊಂಡ ಹನ್ನೆರಡು ಗಂಟೆಗಳ ನಂತರ, ಬೆಳಗಿನದನ್ನು ನುಂಗುವ ಮುನ್ನ, ರಕ್ತದಲ್ಲಿ ಅದರ ಮಟ್ಟವನ್ನು ಅಳೆಯುತ್ತಾರೆ. ಮೊದಲ ತಿಂಗಳುಗಳಲ್ಲಿ ಒಂದು ಮಿಲಿಲೀಟರಿಗೆ 8ರಿಂದ 12 ನ್ಯಾನೊಗ್ರಾಂ, ಆಮೇಲೆ 5ರಿಂದ 8 ಇರಬೇಕೆಂಬುದು ಸಾಮಾನ್ಯ ಗುರಿ. ಮೊದಮೊದಲು ಈ ಪರೀಕ್ಷೆ ವಾರವಾರವೂ ಬೇಕು, ಮತ್ತು ಅದು ತಾಲ್ಲೂಕು ಮಟ್ಟದ ಪ್ರಯೋಗಾಲಯಗಳಲ್ಲಿ ಸಿಗುವಂಥದ್ದಲ್ಲ. ಕಲ್ಯಾಣ ಕರ್ನಾಟಕದ ಹಳ್ಳಿಯಿಂದ ಬೆಂಗಳೂರಿಗೆ ಬಂದು ಕಸಿ ಮಾಡಿಸಿಕೊಂಡವರು ಮೊದಲ ಎರಡು ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಬಾಡಿಗೆಗೆ ಹಿಡಿದು ಇರಬೇಕಾಗುವುದಕ್ಕೆ ಇದೂ ಒಂದು ಕಾರಣ. ಕೋಣೆಯ ಬಾಡಿಗೆ, ಜೊತೆಗಿರುವವರ ಊಟ, ರೋಗಿಯ ಮತ್ತು ಆರೈಕೆಗೆ ನಿಂತವರ ಎರಡೂ ಕೂಲಿ ನಿಂತದ್ದು, ಇವು ಯಾವ ಪ್ಯಾಕೇಜಿನಲ್ಲೂ ಸೇರುವುದಿಲ್ಲ.

ಔಷಧಿಯ ಮಟ್ಟ ಆಹಾರದಿಂದಲೂ ಬದಲಾಗುತ್ತದೆ. ದೇವನಹಳ್ಳಿಯ ಸುತ್ತ ಬೆಳೆಯುವ ಚಕ್ಕೋತ ಹಣ್ಣು, ಟ್ಯಾಕ್ರೋಲಿಮಸ್ಸನ್ನು ಕರಗಿಸುವ ಕರುಳಿನ ಕಿಣ್ವವನ್ನು ತಡೆದು ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತದೆ. ಹಾಗಾಗಿ ಕಸಿಯಾದವರಿಗೆ ಅದು ವರ್ಜ್ಯ. ಕುತೂಹಲದ ಸಂಗತಿ ಎಂದರೆ, ಇದೇ ಕಿಣ್ವವನ್ನು ಉದ್ದೇಶಪೂರ್ವಕವಾಗಿ ತಡೆದು ಹಣ ಉಳಿಸುವ ಪದ್ಧತಿಯೂ ವೈದ್ಯರಲ್ಲಿ ಬೆಳೆದಿದೆ. ಡಿಲ್ಟಿಯಾಜೆಮ್ ಎಂಬ ರಕ್ತದೊತ್ತಡದ ಅಗ್ಗದ ಮಾತ್ರೆ, ಅಥವಾ ಹಿಂದೆ ಕೀಟೊಕೊನಜೋಲ್ ಎಂಬ ಶಿಲೀಂಧ್ರದ ಮಾತ್ರೆ, ಇವನ್ನು ಜೊತೆಗೆ ಕೊಟ್ಟರೆ ಕಡಿಮೆ ಕ್ಯಾಪ್ಸೂಲ್‌ಗಳಲ್ಲೇ ಅಗತ್ಯವಾದ ಮಟ್ಟ ಸಿಗುತ್ತದೆ. ಬಡ ರೋಗಿಗಳ ವೆಚ್ಚ ತಗ್ಗಿಸಲೆಂದೇ ಇದನ್ನು ಅನೇಕ ಕೇಂದ್ರಗಳು ಬಳಸಿವೆ. ಆದರೆ ಡಿಲ್ಟಿಯಾಜೆಮ್ ನಿಂತ ದಿನ, ಅಥವಾ ಊರಿನ ವೈದ್ಯರು ರಕ್ತದೊತ್ತಡದ ಮಾತ್ರೆಯನ್ನು ಬದಲಿಸಿದ ದಿನ, ಔಷಧಿಯ ಮಟ್ಟವೂ ಸದ್ದಿಲ್ಲದೆ ಕುಸಿಯುತ್ತದೆ. ಹೊಸ ಪರೀಕ್ಷೆಯ ಖರ್ಚಿಲ್ಲದೆ ಅದು ತಿಳಿಯುವುದಿಲ್ಲ.

ಇದಕ್ಕೆ ತದ್ವಿರುದ್ಧ ದಿಕ್ಕಿನ ಆಘಾತ ಕ್ಷಯರೋಗದಿಂದ ಬರುತ್ತದೆ. ರೋಗನಿರೋಧಕ ಶಕ್ತಿ ತಗ್ಗಿದವರಲ್ಲಿ ಕ್ಷಯ ಕಾಣಿಸಿಕೊಳ್ಳುವುದು ಭಾರತದಲ್ಲಿ ಅಪರೂಪವಲ್ಲ. ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್ ಆ ಕಿಣ್ವವನ್ನು ತಡೆಯುವ ಬದಲು ಚುರುಕುಗೊಳಿಸುತ್ತದೆ, ಆದ್ದರಿಂದ ಅದೇ ಮಟ್ಟ ಕಾಯ್ದುಕೊಳ್ಳಲು ಟ್ಯಾಕ್ರೋಲಿಮಸ್ ಮೂರು ಪಟ್ಟು ಅಥವಾ ಇನ್ನೂ ಹೆಚ್ಚು ಬೇಕಾಗುತ್ತದೆ. ಮೇಲಿನ ರೋಗಿ ದಿನಕ್ಕೆ 3 ಮಿಲಿಗ್ರಾಂ ಬದಲು 9 ಮಿಲಿಗ್ರಾಂ ತೆಗೆದುಕೊಳ್ಳಬೇಕಾದರೆ ಅದಕ್ಕೊಂದಕ್ಕೇ ತಿಂಗಳಿಗೆ 9,450 ರೂಪಾಯಿ ಆಗುತ್ತದೆ. ಮೈಕೋಫಿನೊಲೇಟ್ ಸೇರಿಸಿದರೆ 12,150. ಕ್ಷಯದ ಔಷಧಿ ಸರ್ಕಾರದಿಂದ ಉಚಿತವಾಗಿ ಬರುತ್ತದೆ, ಆದರೆ ಅದರಿಂದ ಏರಿದ ಇನ್ನೊಂದು ಔಷಧಿಯ ವೆಚ್ಚ ಉಚಿತವಾಗುವುದಿಲ್ಲ. ಈ ಕಾರಣಕ್ಕೂ ಕೆಲವು ಕೇಂದ್ರಗಳು ರಿಫಾಂಪಿಸಿನ್ ಬಿಟ್ಟು ಬೇರೆ ಔಷಧಿಗಳ ದೀರ್ಘ ಚಿಕಿತ್ಸೆಯನ್ನು ಆರಿಸುತ್ತವೆ.

ಇಷ್ಟು ಹಿನ್ನೆಲೆಯೊಂದಿಗೆ ನೀತಿಗಳತ್ತ ಬರಬಹುದು. ಖಾಸಗಿ ಆರೋಗ್ಯ ವಿಮೆಯ ಸ್ಥಿತಿ ಹೆಚ್ಚು ಮಾತಿಗೆ ಅವಕಾಶ ಕೊಡುವುದಿಲ್ಲ. ಸಾಮಾನ್ಯ ಪಾಲಿಸಿ ಆಸ್ಪತ್ರೆಯ ದಾಖಲಾತಿಯ ವೆಚ್ಚವನ್ನೂ ಬಿಡುಗಡೆಯಾದ ನಂತರದ ಕೆಲವು ವಾರ ಅಥವಾ ತಿಂಗಳುಗಳ ಔಷಧಿಯನ್ನೂ ಭರಿಸುತ್ತದೆ, ಆ ಅವಧಿ ಮುಗಿದ ಮೇಲೆ ಮಾತ್ರೆಗಳು ಹೊರರೋಗಿ ವೆಚ್ಚವಾಗಿ ಉಳಿಯುತ್ತವೆ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇದ್ದವರು ಹೊಸದಾಗಿ ವಿಮೆ ಮಾಡಿಸಲು ಹೋದರೆ, 2019ರ ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿ ಆ ಕಾಯಿಲೆಯನ್ನು ಶಾಶ್ವತವಾಗಿ ಹೊರಗಿಡಬಹುದಾದ ಪಟ್ಟಿಯಲ್ಲೇ ಸೇರಿಸಿತ್ತು. ಆದಾಯ ತೆರಿಗೆ ಕಾನೂನಿನ 80ಡಿಡಿಬಿ ವಿಭಾಗದಡಿ ದೀರ್ಘಕಾಲದ ಮೂತ್ರಪಿಂಡ ವೈಫಲ್ಯದ ಚಿಕಿತ್ಸೆಗೆ ವರ್ಷಕ್ಕೆ 40,000 ರೂಪಾಯಿವರೆಗೆ, ಹಿರಿಯ ನಾಗರಿಕರಿಗೆ 1 ಲಕ್ಷದವರೆಗೆ ಕಡಿತ ಇತ್ತು. ಆದರೆ ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಮತ್ತು ತೆರಿಗೆ ಕಟ್ಟುವಷ್ಟು ಆದಾಯ ಇದ್ದವರಿಗೆ ಮಾತ್ರ. ಹೊಸ ಪದ್ಧತಿಯನ್ನು ಆರಿಸಿಕೊಂಡವರು ಈ ಸಣ್ಣ ರಿಯಾಯಿತಿಯನ್ನೂ ಬಿಟ್ಟುಕೊಟ್ಟಂತೆ.

ಸರ್ಕಾರದ ಯೋಜನೆಗಳ ಚಿತ್ರ ಇದಕ್ಕಿಂತ ಸಂಕೀರ್ಣ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ವೆಚ್ಚ ಭರಿಸುತ್ತದೆ. ದಾಖಲಾತಿಗೆ ಮೊದಲ ಮೂರು ದಿನ ಮತ್ತು ಬಿಡುಗಡೆಯ ನಂತರದ ಹದಿನೈದು ದಿನಗಳ ಔಷಧಿಯೂ ಅದರಲ್ಲಿ ಸೇರಿದೆ. ಮೊಣಕಾಲು ಅಥವಾ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಈ ಹದಿನೈದು ದಿನ ಸಾಕಾಗಬಹುದು, ಕಸಿಗೆ ಅದು ಆರಂಭದ ಆರಂಭ. ಕರ್ನಾಟಕದಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಬಿಪಿಎಲ್ ಕುಟುಂಬಗಳಿಗೆ ಅಂಗಾಂಗ ಕಸಿಗೆ ನೆರವು ನೀಡುವ ವ್ಯವಸ್ಥೆ ಇದೆ, ಅದರಲ್ಲಿ ಶಸ್ತ್ರಚಿಕಿತ್ಸೆಯ ಮೊತ್ತದ ಜೊತೆಗೆ ಔಷಧಿಗೂ ಒಂದು ಭಾಗವನ್ನು ಗುರುತಿಸಿರುವುದು ಮೆಚ್ಚಬೇಕಾದ ಅಂಶ.

ಔಷಧಿಯನ್ನೇ ನೇರವಾಗಿ ಮುಖ್ಯ ವಿಷಯವಾಗಿ ಎತ್ತಿಕೊಂಡ ಕಾರ್ಯಕ್ರಮ ಎಂದರೆ ಕೇಂದ್ರದ ರಾಷ್ಟ್ರೀಯ ಅಂಗಾಂಗ ಕಸಿ ಕಾರ್ಯಕ್ರಮ. ಇದರಡಿ ಬಡತನ ರೇಖೆಗಿಂತ ಕೆಳಗಿನ ರೋಗಿಗಳಿಗೆ ಕಸಿಯ ನಂತರದ ಔಷಧಿಗೆ ತಿಂಗಳಿಗೆ 10,000 ರೂಪಾಯಿವರೆಗೆ ನೆರವು ನೀಡಲು ಅವಕಾಶವಿದೆ. ತಿಂಗಳ ಲೆಕ್ಕದಲ್ಲಿ ಯೋಚಿಸಿರುವುದೇ ಇದರ ದೊಡ್ಡ ಗುಣ, ಏಕೆಂದರೆ ಮಾತ್ರೆ ನುಂಗುವುದೂ ತಿಂಗಳ ಲೆಕ್ಕದಲ್ಲೇ. ಆದರೆ ಮೇಲೆ ಲೆಕ್ಕ ಹಾಕಿದ ರೋಗಿಯನ್ನು ಇದರ ಮುಂದೆ ನಿಲ್ಲಿಸಿದರೆ ಮಿತಿಗಳು ಕಾಣುತ್ತವೆ. ಸ್ಥಿರವಾದ ವರ್ಷಗಳಲ್ಲಿ 5,850 ರೂಪಾಯಿಗೆ ಈ ಮೊತ್ತ ಧಾರಾಳವಾಗಿ ಸಾಕು. ಮೊದಲ ತಿಂಗಳುಗಳ 15,900ಕ್ಕೆ ಸಾಲದು. ಕ್ಷಯದ ಚಿಕಿತ್ಸೆಯ ತಿಂಗಳುಗಳಲ್ಲಿ ಮತ್ತೆ ಸಾಲದು. ಅಗತ್ಯ ಏರುಪೇರಾಗುವ ಕಡೆ ಒಂದೇ ಗಾತ್ರದ ಮಿತಿ ಇಟ್ಟರೆ ಅದು ಹೆಚ್ಚು ಬೇಕಾದ ಹೊತ್ತಿಗೇ ತೀರಿಹೋಗುತ್ತದೆ. ಅದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ: ಮೊತ್ತ ಕಾಗದದಲ್ಲಿ ಇರುವುದು ಬೇರೆ, ಪ್ರತಿ ತಿಂಗಳ ಒಂದನೇ ತಾರೀಖು ಕ್ಯಾಪ್ಸೂಲ್ ಕೈಗೆ ಸಿಗುವುದು ಬೇರೆ. ಮಂಜೂರಾತಿ ಒಂದು ತಿಂಗಳು ತಡವಾದರೆ ಶಸ್ತ್ರಚಿಕಿತ್ಸೆಯ ರೋಗಿ ಕಾಯಬಲ್ಲ. ಕಸಿಯಾದವರಿಗೆ ಕಾಯುವ ಸೌಲಭ್ಯವಿಲ್ಲ.

ಉದ್ಯೋಗಕ್ಕೆ ಕಟ್ಟಿದ ವ್ಯವಸ್ಥೆಗಳು ಔಷಧಿಯ ವಿಷಯದಲ್ಲಿ ಉದಾರ. ಕೇಂದ್ರ ಸರ್ಕಾರಿ ನೌಕರರಿಗೆ ಸಿಜಿಎಚ್‌ಎಸ್ ಔಷಧಾಲಯದಿಂದ, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದ ಕಾರ್ಮಿಕರಿಗೆ ಇಎಸ್ಐ ಮೂಲಕ ಮಾತ್ರೆಗಳು ಸಿಗಬಹುದು. ಆದರೆ ಇಎಸ್ಐ ಹಕ್ಕು ಕೊಡುಗೆ ಕಟ್ಟಿದ ಅವಧಿಗೆ ಬೆಸೆದಿದೆ. ಡಯಾಲಿಸಿಸ್ ಕಾಲದಲ್ಲಿ ವಾರಕ್ಕೆ ಮೂರು ದಿನ ರಜೆ ಹಾಕಿ, ಕಸಿಯ ನಂತರ ಮೂರು ತಿಂಗಳು ಮನೆಯಲ್ಲಿದ್ದವನ ಕೆಲಸ ಉಳಿಯುವುದು ಕಷ್ಟ. ಕೆಲಸ ಹೋದ ಮೇಲೆ ಹಕ್ಕೂ ಹೆಚ್ಚು ದಿನ ಉಳಿಯದು. ಕಸಿಯ ಯಶಸ್ಸಿಗೆ ಬೇಕಾದ ಸೌಲಭ್ಯ ಕಸಿಯಿಂದಲೇ ಕೈತಪ್ಪುವ ವಿಚಿತ್ರ ಇದು.

ದಾನಿಯ ಖರ್ಚಿನ ಬಗ್ಗೆ ಕಾನೂನಿನಲ್ಲಿ ಒಂದು ಒಳ್ಳೆಯ ಮಾತಿದೆ, ಬಳಕೆಯಲ್ಲಿ ಅದು ಕಾಣುವುದಿಲ್ಲ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಅಂಗಕ್ಕಾಗಿ ಹಣ ಕೊಡುವುದನ್ನು ಅಪರಾಧವೆಂದು ಸಾರಿದರೂ, ‘ಹಣ’ ಎಂಬುದರ ವ್ಯಾಖ್ಯೆಯಿಂದ ದಾನದಿಂದ ನೇರವಾಗಿ ಉಂಟಾದ ನ್ಯಾಯಯುತ ಖರ್ಚು ಮತ್ತು ಗಳಿಕೆಯ ನಷ್ಟವನ್ನು ಹೊರಗಿಟ್ಟಿದೆ. ಆದರೆ ಅದನ್ನು ಕೊಡುವವರು ಯಾರು? 2023ರಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರಲ್ಲಿ ಅಂಗ ದಾನ ಮಾಡಿದವರಿಗೆ 42 ದಿನಗಳ ವಿಶೇಷ ಸಾಂದರ್ಭಿಕ ರಜೆ ಘೋಷಿಸಿತು. ಮಗನಿಗೆ ಮೂತ್ರಪಿಂಡ ಕೊಟ್ಟು ಕಳೆ ಕೀಳುವ ಕೆಲಸಕ್ಕೆ ಹೋಗಲಾಗದ ತಾಯಿಯ ಕೂಲಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬೆಲೆ ನಿಯಂತ್ರಣ ಇನ್ನೊಂದು ದಾರಿ. ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧಿಗಳಿಗೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದಡಿ ಗರಿಷ್ಠ ಬೆಲೆ ನಿಗದಿಯಾಗುತ್ತದೆ, ಮತ್ತು ಟ್ಯಾಕ್ರೋಲಿಮಸ್ ಹಾಗೂ ಮೈಕೋಫಿನೊಲೇಟ್ ಆ ಪಟ್ಟಿಯಲ್ಲಿವೆ. ಆದರೆ ಆ ಗರಿಷ್ಠ ಬೆಲೆಯನ್ನು ತಯಾರಿಕೆಯ ವೆಚ್ಚದಿಂದ ಲೆಕ್ಕ ಹಾಕುವುದಿಲ್ಲ, ಮಾರುಕಟ್ಟೆಯಲ್ಲಿ ಶೇ. 1 ಅಥವಾ ಹೆಚ್ಚು ಪಾಲಿರುವ ಬ್ರ್ಯಾಂಡ್‌ಗಳ ಬೆಲೆಯ ಸರಾಸರಿ ತೆಗೆದು, ಅದಕ್ಕೆ ಅಂಗಡಿಯವರ ಶೇ. 16 ಲಾಭ ಸೇರಿಸುತ್ತಾರೆ. ದುಬಾರಿ ಬ್ರ್ಯಾಂಡ್‌ಗಳು ಇಳಿದರೂ, ಸರಾಸರಿ ತಾನೇ ಎತ್ತರದಲ್ಲಿದ್ದರೆ ಮಿತಿಯೂ ಎತ್ತರದಲ್ಲೇ ನಿಲ್ಲುತ್ತದೆ. ಸಗಟು ಬೆಲೆ ಸೂಚ್ಯಂಕದ ಆಧಾರದ ಮೇಲೆ 2022ರಲ್ಲಿ ಶೇ. 10.77, 2023ರಲ್ಲಿ ಶೇ. 12.12 ಏರಿಕೆಗೆ ಅನುಮತಿ ದೊರೆತದ್ದು ಜೀವಮಾನದ ಗ್ರಾಹಕರಿಗೆ ಬಿದ್ದ ಪೆಟ್ಟು. ಇದಕ್ಕಿಂತ ನೇರವಾದ ದಾರಿಯನ್ನು ಕೇರಳ ಹಿಡಿದಿದೆ: ಆಲಪ್ಪುಳದ ಸರ್ಕಾರಿ ಔಷಧ ಕಾರ್ಖಾನೆ ಕೆಎಸ್‌ಡಿಪಿ ಕಸಿಯಾದವರ ಔಷಧಿಗಳನ್ನು ಕಡಿಮೆ ಬೆಲೆಗೆ ತಾನೇ ತಯಾರಿಸಲು ಕೈಹಾಕಿತು. ಸರ್ಕಾರಿ ಖರೀದಿಯ ಟೆಂಡರಿನಲ್ಲಿ ಬ್ರ್ಯಾಂಡ್ ಬದಲಾಗುತ್ತಿದ್ದರೆ ಪ್ರತಿ ಬಾರಿಯೂ ಟ್ಯಾಕ್ರೋಲಿಮಸ್ ಮಟ್ಟದ ಪರೀಕ್ಷೆ ಬೇಕಾಗುತ್ತದೆ. ಒಂದೇ ಮೂಲದಿಂದ ಸತತವಾಗಿ ಬಂದರೆ ಆ ತಲೆನೋವೂ ತಪ್ಪುತ್ತದೆ.

ಔಷಧಿಗೆ ಅವಧಿ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅರ್ಧ ಶತಮಾನದ ಅನುಭವವೇ ಉತ್ತರ. 1972ರ ಕಾನೂನು ಮೂತ್ರಪಿಂಡ ವಿಫಲರಾದ ಬಹುತೇಕ ಎಲ್ಲರಿಗೂ, ವಯಸ್ಸಿನ ಮಿತಿಯಿಲ್ಲದೆ, ಮೆಡಿಕೇರ್ ಎಂಬ ಸಾರ್ವಜನಿಕ ವಿಮೆಯನ್ನು ತೆರೆಯಿತು. ಡಯಾಲಿಸಿಸ್ ಎಷ್ಟು ವರ್ಷ ಬೇಕಾದರೂ ಸರ್ಕಾರ ಭರಿಸುತ್ತಿತ್ತು, ಆದರೆ ಕಸಿ ಯಶಸ್ವಿಯಾದವರಲ್ಲಿ 65 ವರ್ಷ ದಾಟದ, ಅಂಗವಿಕಲತೆಯ ಹಕ್ಕಿಲ್ಲದವರಿಗೆ, 36 ತಿಂಗಳಲ್ಲಿ ವಿಮೆ ಮುಗಿಯುತ್ತಿತ್ತು. ಔಷಧಿಯ ಭಾಗವೂ ಅದರೊಂದಿಗೆ ನಿಲ್ಲುತ್ತಿತ್ತು. ಆ ಅವಧಿ ಮುಗಿದ ಮೇಲೆ ಮಾತ್ರೆ ಕೊಳ್ಳಲಾರದೆ ಅಂಗ ಕಳೆದುಕೊಂಡವರು ಮತ್ತೆ ಡಯಾಲಿಸಿಸ್‌ಗೆ ಬಂದರೆ ಮೆಡಿಕೇರ್ ಬಾಗಿಲು ಮತ್ತೆ ತೆರೆಯುತ್ತಿತ್ತು, ಮತ್ತು ಡಯಾಲಿಸಿಸ್ ಮಾತ್ರೆಗಳಿಗಿಂತ ಬಹಳ ದುಬಾರಿ. ಇದನ್ನು ತಿದ್ದಲು 2020ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಆಗ ಅಂಗೀಕಾರವಾದ ಕಾನೂನಿನಂತೆ 2023ರ ಜನವರಿ 1ರಿಂದ ಬೇರೆ ವಿಮೆ ಇಲ್ಲದವರು ತಿಂಗಳಿಗೆ 97.10 ಡಾಲರ್ ಪ್ರೀಮಿಯಂ ಕಟ್ಟಿ ಔಷಧಿಯ ರಕ್ಷಣೆ ಮುಂದುವರಿಸಬಹುದಾಯಿತು. ಆದರೆ ಆ ಸೌಲಭ್ಯ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಗಷ್ಟೇ ಸೀಮಿತ. ವೈದ್ಯರ ಭೇಟಿ, ಔಷಧಿ ಮಟ್ಟದ ಪರೀಕ್ಷೆ, ರಕ್ತದೊತ್ತಡದ ಮಾತ್ರೆ ಯಾವುದೂ ಅದರಲ್ಲಿಲ್ಲ. ಇನ್ನೊಂದು ತುದಿಯಲ್ಲಿ ಕರಾಚಿಯ ಎಸ್‌ಐಯುಟಿ ಸಂಸ್ಥೆ ನಿಂತಿದೆ: ಅಲ್ಲಿ ಸರ್ಕಾರದ ಅನುದಾನ ಮತ್ತು ಸಾರ್ವಜನಿಕ ದೇಣಿಗೆಯ ಬಲದಿಂದ ಶಸ್ತ್ರಚಿಕಿತ್ಸೆ, ಪರೀಕ್ಷೆ, ಜೀವಮಾನದ ಔಷಧಿ ಎಲ್ಲವನ್ನೂ ರೋಗಿಗೆ ಉಚಿತವಾಗಿ ಕೊಡುತ್ತಾರೆ. ಮಾದರಿಯಾಗಿ ಅದು ಸೊಗಸು, ಆದರೆ ಒಂದು ಸಂಸ್ಥೆಯ ಸಂಕಲ್ಪದ ಮೇಲೆ ನಿಂತ ವ್ಯವಸ್ಥೆ ಎಲ್ಲೆಡೆ ಹರಡುವಂಥದ್ದಲ್ಲ.

ಭಾರತದಲ್ಲಿಯೂ ಅಮೆರಿಕದ ಹಳೆಯ ವಿರೋಧಾಭಾಸದ ನೆರಳಿದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. ಕಸಿಯಾಗಿ ಯಂತ್ರದಿಂದ ಬಿಡಿಸಿಕೊಂಡು ಬಂದವನಿಗೆ ಮಾತ್ರೆಯ ದಾರಿ ಅಷ್ಟು ನೇರವಲ್ಲ. ಹಣ ಸಾಲದಾಗ ಆತ ಒಮ್ಮೆಲೇ ನಿಲ್ಲಿಸುವುದಿಲ್ಲ. ಮೊದಲು ರಾತ್ರಿಯ ಡೋಸ್ ಬಿಡುತ್ತಾನೆ, ಆಮೇಲೆ ದಿನ ಬಿಟ್ಟು ದಿನ ನುಂಗುತ್ತಾನೆ, ಆಸ್ಪತ್ರೆಗೆ ಹೋಗುವ ನಾಲ್ಕು ದಿನ ಮೊದಲು ಸರಿಯಾಗಿ ತೆಗೆದುಕೊಂಡು ಹೋಗುತ್ತಾನೆ. ಆ ದಿನದ ಟ್ಯಾಕ್ರೋಲಿಮಸ್ ಮಟ್ಟ ಸರಿಯಾಗಿಯೇ ಕಾಣಬಹುದು. ಆದ್ದರಿಂದ ಅನುಭವಿ ವೈದ್ಯರು ಒಂದು ಫಲಿತಾಂಶವನ್ನು ನೋಡುವುದಿಲ್ಲ, ಕಳೆದ ಆರೆಂಟು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ಅವು ಎಷ್ಟು ಏರಿಳಿಯುತ್ತಿವೆ ಎಂಬುದನ್ನು ನೋಡುತ್ತಾರೆ. 4, 9, 3, 7 ಎಂದು ಕುಣಿಯುವ ಸಾಲು, ಡೋಸ್ ಬದಲಾಗದೆಯೇ ಹಾಗಾಗಿದ್ದರೆ, ಮಾತ್ರೆ ತಪ್ಪುತ್ತಿದೆ ಎಂಬುದರ ಸೂಚನೆ. ರಕ್ತದ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಶೋಧಿಸಬೇಕಾದ ಕಶ್ಮಲದ ಅಳತೆ, ಏರುವ ಹೊತ್ತಿಗೆ ಹಾನಿ ಬಹಳಷ್ಟು ಆಗಿರುತ್ತದೆ. ಹಾಗೆ ಅಂಗ ಕಳೆದುಕೊಂಡವನು ಮತ್ತೆ ಜಿಲ್ಲಾ ಆಸ್ಪತ್ರೆಯ ಡಯಾಲಿಸಿಸ್ ಕೋಣೆಗೆ ಬಂದಾಗ ಅವನ ಬಿಪಿಎಲ್ ಕಾರ್ಡಿಗೆ ಅಲ್ಲಿ ಯಾವ ಪ್ರಶ್ನೆಯೂ ಎದುರಾಗುವುದಿಲ್ಲ, ವಾರಕ್ಕೆ ಎರಡು ಮೂರು ಬಾರಿ ನಾಲ್ಕು ನಾಲ್ಕು ಗಂಟೆ ಯಂತ್ರ ಅವನಿಗೆ ಮೀಸಲು. ಆದರೆ ಹಳೆಯ ಅಂಗದ ವಿರುದ್ಧ ಅವನ ರಕ್ತದಲ್ಲಿ ಬೆಳೆದ ಪ್ರತಿಕಾಯಗಳು ಎರಡನೆಯ ದಾನಿಗಳಲ್ಲಿ ಹಲವರನ್ನು ಹೊಂದಿಕೆಯಾಗದವರನ್ನಾಗಿ ಮಾಡಿರುತ್ತವೆ. ಹಾಗಾಗಿ ಕರ್ನಾಟಕದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ಕಾಯುವ ಪಟ್ಟಿಯಲ್ಲಿ ಅವನ ಹೆಸರು ಮೊದಲ ಸಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.